ರಾಮನಗರದಲ್ಲಿ ಇಳಿದವರ ಪಾಲು ಎಷ್ಟು?

ಬೆಂಗಳೂರಿನಲ್ಲಿ ಎರಡು ದಿನಗಳ ಶಿಕ್ಷಕರ ತರಬೇತಿ ಮುಗಿದಾಗ ಸಂಜೆ ಆರು ದಾಟಿತ್ತು. ಮೈಸೂರು ರಸ್ತೆಯ ಕಡೆಗೆ ಹೋಗಬೇಕಾದವರು ನಾವು ನಾಲ್ವರಿದ್ದೆವು. ರಾಮನಗರದ ಹಿರಿಯ ಮೇಷ್ಟ್ರು ಒಬ್ಬರು, ಮಂಡ್ಯದ ಇಬ್ಬರು ಮೇಡಂಗಳು, ಮೈಸೂರಿಗೆ ಹೊರಟಿದ್ದ ನಾನು. ಮಳೆ ಹಿಡಿದಿತ್ತು. ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗಿ ಬಸ್ ಹಿಡಿಯುವುದು ಬೇಡವೆಂದು ಟ್ಯಾಕ್ಸಿ ಕರೆಸಿದವನು ನಾನೇ. ಉಳಿದ ಮೂವರನ್ನು "ಹೇಗೂ ಅದೇ ದಾರಿ, ಬನ್ನಿ" ಎಂದು ಹತ್ತಿಸಿಕೊಂಡವನೂ ನಾನೇ.

ಹೊರಡುವಾಗ ಚಾಲಕ ಅಂದಾಜು ಹೇಳಿದರು: ಎಲ್ಲ ಸೇರಿ 5200 ರೂಪಾಯಿ ಆಗಬಹುದು. ನಾನು ತಕ್ಷಣ ನಾಲ್ಕರಿಂದ ಭಾಗಿಸಿ "ತಲೆಗೆ 1300" ಎಂದುಬಿಟ್ಟೆ. ಯಾರೂ ಏನೂ ಹೇಳಲಿಲ್ಲ. ಮುಕ್ಕಾಲು ಗಂಟೆಯೊಳಗೆ ಬಿಡದಿ ದಾಟಿದೆವು, ಇನ್ನು ಸ್ವಲ್ಪ ಹೊತ್ತಿಗೆ ರಾಮನಗರ ಬಂತು. ಮೇಷ್ಟ್ರು ಒಳಜೇಬಿನಿಂದ ಹಣ ತೆಗೆದರು. ಎರಡು ಐನೂರರ ನೋಟು, ಒಂದು ಇನ್ನೂರು, ಒಂದು ನೂರು. ಒಂದೊಂದನ್ನೂ ಬೆರಳಿನಲ್ಲಿ ಉಜ್ಜಿ ನೋಡಿ, ಎರಡು ನೋಟು ಅಂಟಿಕೊಂಡಿಲ್ಲವೆಂದು ಖಚಿತಮಾಡಿಕೊಂಡು ನನ್ನ ಕೈಗಿಟ್ಟರು. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಅವರ ಮಗ ಬೈಕ್ ನಿಲ್ಲಿಸಿಕೊಂಡು ನೆನೆಯುತ್ತ ಕಾಯುತ್ತಿದ್ದ. "ಊರೊಳಗೆ ಬರುವುದು ಬೇಡ, ನಿಮಗೆ ತಡವಾಗುತ್ತದೆ" ಎಂದು ಮೇಷ್ಟ್ರು ಅಲ್ಲಿಯೇ ಇಳಿದುಕೊಂಡರು.

ಕಾರು ಮುಂದೆ ಹೊರಟ ಮೇಲೆ ಆ ನಾಲ್ಕು ನೋಟು ನನ್ನನ್ನು ಕೊರೆಯತೊಡಗಿದವು. ನಾನು ಗಣಿತದ ಮೇಷ್ಟ್ರು. ಅವರು ಬಂದದ್ದು 50 ಕಿಲೋಮೀಟರ್, ನಾನು ಹೋಗುವುದು 150. ಇಬ್ಬರದೂ 1300. ಬಸ್ಸಿನಲ್ಲಿ ಹೋಗಿದ್ದರೆ ಅವರಿಗೆ ಅದರ ಹತ್ತರಲ್ಲೊಂದು ಪಾಲೂ ಆಗುತ್ತಿರಲಿಲ್ಲ. ಮೈಸೂರು ತಲುಪಿ ಬಿಲ್ ಕೈಗೆ ಬಂದ ಮೇಲೆ ಕೂತು ಲೆಕ್ಕ ಮಾಡಿದೆ. ಇಲ್ಲಿ ಬರೆಯುತ್ತಿರುವುದು ಆ ಲೆಕ್ಕ. ಓದುವುದಕ್ಕೆ ಸುಲಭವಾಗಲೆಂದು ದೂರ ಮತ್ತು ಮೊತ್ತಗಳನ್ನು ಹತ್ತಿರದ ಪೂರ್ಣಸಂಖ್ಯೆಗೆ ತಂದಿದ್ದೇನೆ.

ಮೊದಲು ಬಿಲ್ಲನ್ನು ಬಿಡಿಸಿ ನೋಡಬೇಕು. ಹೊರ ಊರಿನ ಟ್ಯಾಕ್ಸಿಗೆ ನಾವು ಕೊಡುವುದು ಹೋಗಿ ಬರುವ ಎರಡೂ ದಾರಿಯ ಹಣ, ಏಕೆಂದರೆ ಕಾರು ಖಾಲಿಯಾಗಿ ಬೆಂಗಳೂರಿಗೆ ಮರಳಬೇಕು. ಮೈಸೂರಿನ ನನ್ನ ಮನೆಗೆ 150, ಮರಳಲು 150, ಒಟ್ಟು 300 ಕಿಲೋಮೀಟರ್. ಮಂಡ್ಯದಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ ಬಂದದ್ದಕ್ಕೆ ಇನ್ನೂ 6. ಕಿಲೋಮೀಟರಿಗೆ 13 ರೂಪಾಯಿಯಂತೆ ಓಡಿದ ಬಾಡಿಗೆ 3978. ಚಾಲಕರ ಬಾಟಾ 400. ರಾತ್ರಿ ಹತ್ತರ ನಂತರ ಗಾಡಿ ಓಡಿಸಬೇಕಾದ್ದಕ್ಕೆ ರಾತ್ರಿ ಬಾಟಾ ಎಂದು 300. ಹೋಗಿ ಬರುವ ಟೋಲ್ ಎರಡು ಕಡೆ, ಬಿಡದಿಗೆ ಮೊದಲು ಕಣಿಮಿಣಿಕೆಯ ಬಳಿ 260, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ 240. ಎಲ್ಲ ಸೇರಿ 5178.

ಒಂದೇ ಬಿಲ್ಲಿನಲ್ಲಿ ಇಷ್ಟು ಬಗೆಯ ಖರ್ಚುಗಳಿವೆ, ಮತ್ತು ಒಂದೊಂದಕ್ಕೂ ಕಾರಣರಾದವರು ಬೇರೆ ಬೇರೆ. ಇಡೀ ಮೊತ್ತವನ್ನು ಒಟ್ಟಿಗೆ ಹಿಡಿದು ಯಾವ ಸಂಖ್ಯೆಯಿಂದ ಭಾಗಿಸಿದರೂ ತಪ್ಪಾಗುವುದು ಇದರಿಂದಲೇ. ನಾನು ಹಿಡಿದ ಸೂತ್ರ ಇಷ್ಟೇ: ದಾರಿಯನ್ನು ತುಂಡು ಮಾಡಬೇಕು, ಪ್ರತಿ ತುಂಡಿನ ಖರ್ಚನ್ನು ಆ ತುಂಡಿನಲ್ಲಿ ಕಾರಿನೊಳಗೆ ಕೂತಿದ್ದವರು ಮಾತ್ರ ಸಮನಾಗಿ ಹಂಚಿಕೊಳ್ಳಬೇಕು.

ಬೆಂಗಳೂರಿನಿಂದ ರಾಮನಗರ 50 ಕಿಲೋಮೀಟರ್, ಅಲ್ಲಿಂದ ಮಂಡ್ಯ 50, ಅಲ್ಲಿಂದ ನನ್ನ ಮನೆ 50. ಮರುದಾರಿ ಸೇರಿಸಿದರೆ ಒಂದೊಂದು ತುಂಡೂ 100 ಕಿಲೋಮೀಟರ್, ಅಂದರೆ 1300 ರೂಪಾಯಿ. ಮೊದಲ ತುಂಡಿನಲ್ಲಿ ನಾಲ್ವರಿದ್ದೆವು, ತಲೆಗೆ 325. ಎರಡನೆಯದರಲ್ಲಿ ಮೂವರು, ತಲೆಗೆ 433. ಮೂರನೆಯದರಲ್ಲಿ ನಾನೊಬ್ಬನೇ, ಪೂರ್ತಿ 1300. ಹೀಗೆ ಬಾಡಿಗೆಯಲ್ಲಿ ಮೇಷ್ಟ್ರ ಪಾಲು 325, ಮೇಡಂಗಳದು ಒಬ್ಬೊಬ್ಬರದು 758, ನನ್ನದು 2058.

ಖಾಲಿ ಬರುವ ಮರುದಾರಿಯನ್ನು ಯಾರ ತಲೆಗೆ ಹಾಕುವುದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಆಗ ಕಾರಿನಲ್ಲಿ ಯಾರೂ ಇರುವುದಿಲ್ಲವಲ್ಲ, ಅದನ್ನು ಎಲ್ಲರಿಗೂ ಸಮನಾಗಿ ಹಂಚೋಣ ಎನ್ನುವವರಿದ್ದಾರೆ. ಅದು ಸರಿಯಲ್ಲ. ಮೈಸೂರಿನಿಂದ ಮಂಡ್ಯದವರೆಗೆ ಕಾರು ಖಾಲಿ ಓಡಿದ್ದು ನಾನು ಮೈಸೂರಿನವರೆಗೆ ಬಂದದ್ದರಿಂದ. ಬರುವ ದಾರಿಯ ಪ್ರತಿ ತುಂಡಿಗೂ ಹೋಗುವಾಗ ಅದೇ ತುಂಡಿನಲ್ಲಿ ಕೂತವರೇ ಹೊಣೆ.

ಕಿಲೋಮೀಟರ್ ಲೆಕ್ಕದಲ್ಲಿ ಹಂಚುವ ರೂಢಿಯೂ ಇದೆ, ಬಹಳ ಜನ ಅದನ್ನೇ ನ್ಯಾಯವೆನ್ನುತ್ತಾರೆ. ಪ್ರತಿಯೊಬ್ಬರೂ ಕ್ರಮಿಸಿದ ದೂರ ಕೂಡಿಸಿದರೆ 50, 100, 100, 150, ಒಟ್ಟು 400. ಮೂರು ತುಂಡಿನ ಬಾಡಿಗೆ 3900 ಅನ್ನು 400ರಿಂದ ಭಾಗಿಸಿದರೆ ಕಿಲೋಮೀಟರಿಗೆ 9 ರೂಪಾಯಿ 75 ಪೈಸೆ. ಮೇಷ್ಟ್ರಿಗೆ 487, ಮೇಡಂಗಳಿಗೆ 975, ನನಗೆ 1462. ಎಲ್ಲರಿಗೂ ಒಂದೇ ದರ, ಬಾಯಿಲೆಕ್ಕದಲ್ಲಿ ಮುಗಿಯುತ್ತದೆ, ಸಮಪಾಲಿಗಿಂತ ನೂರು ಪಾಲು ಮೇಲು. ಆದರೂ ನಾನು ಇದನ್ನು ಒಪ್ಪಲಿಲ್ಲ. ಕಾರಣವನ್ನು ಒಂದು ಪರೀಕ್ಷೆಯಿಂದ ತೋರಿಸುತ್ತೇನೆ.

ನಾನು ಮೈಸೂರಿನಲ್ಲಿ ಇಳಿಯದೆ ನಂಜನಗೂಡಿನವರೆಗೆ, ಇನ್ನೂ 25 ಕಿಲೋಮೀಟರ್ ಹೋದೆ ಎಂದುಕೊಳ್ಳಿ. ಹೋಗಿ ಬಂದು 350 ಕಿಲೋಮೀಟರ್, ಬಾಡಿಗೆ 4550. ಎಲ್ಲರ ದೂರದ ಮೊತ್ತ 425. ದರ 10 ರೂಪಾಯಿ 70 ಪೈಸೆಗೆ ಏರುತ್ತದೆ. ಮೇಷ್ಟ್ರ ಪಾಲು 487ರಿಂದ 535ಕ್ಕೆ ಹೋಗುತ್ತದೆ. ಆ ಹೊತ್ತಿಗೆ ಅವರು ಮನೆಯಲ್ಲಿ ಊಟ ಮುಗಿಸಿ ಮಲಗಿರುತ್ತಾರೆ! ನಾನು ದೂರ ಹೋದಷ್ಟೂ ಅವರ ಜೇಬಿನಿಂದ ಹಣ ಹೋಗುವ ಲೆಕ್ಕದಲ್ಲಿ ಎಲ್ಲೋ ಹುಳುಕಿದೆ. ಹುಳುಕು ಎಲ್ಲಿದೆಯೆಂದರೆ, ಕೊನೆಯ ತುಂಡಿನ ನಿಜವಾದ ಖರ್ಚು 1300, ಆದರೆ ಕಿಲೋಮೀಟರ್ ಲೆಕ್ಕದಲ್ಲಿ ನಾನು ಆ ತುಂಡಿಗೆ ಕೊಡುವುದು ಬರೀ 487. ಉಳಿದ 813 ರೂಪಾಯಿಯಲ್ಲಿ 596 ಅನ್ನು ಆ ದಾರಿಯನ್ನೇ ಕಾಣದ ಮೂವರು ತುಂಬಿಕೊಡುತ್ತಿದ್ದಾರೆ, ಮಿಕ್ಕದ್ದು ಮಾತ್ರ ಮೊದಲ ಎರಡು ತುಂಡಿನಲ್ಲಿ ನಾನೇ ಹೆಚ್ಚಾಗಿ ಕೊಟ್ಟದ್ದು. ತುಂಡು ಲೆಕ್ಕದಲ್ಲಿ ನಾನು ಕನ್ಯಾಕುಮಾರಿಗೆ ಹೋದರೂ ಮೇಷ್ಟ್ರ 325 ಬದಲಾಗುವುದಿಲ್ಲ.

ಇದು ನಾನು ಹುಟ್ಟಿಸಿದ ಸೂತ್ರವಲ್ಲ. ವಿಮಾನ ನಿಲ್ದಾಣದ ರನ್‌ವೇ ಖರ್ಚನ್ನು ಹಂಚುವಾಗ ಇದೇ ಪ್ರಶ್ನೆ ಎದ್ದಿತ್ತು. ಸಣ್ಣ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದನೆಯದು ಬೇಕು. ಉದ್ದ ಮಾಡಿದ್ದಕ್ಕೆ ಸಣ್ಣ ವಿಮಾನವೇಕೆ ಹಣ ಕೊಡಬೇಕು? 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವನ್ ಎಂಬ ಇಬ್ಬರು ಇದಕ್ಕೆ ಉತ್ತರ ಬರೆದರು: ರನ್‌ವೇಯ ಒಂದೊಂದು ತುಂಡಿನ ಖರ್ಚನ್ನು ಆ ತುಂಡು ಬೇಕಾದವರೆಲ್ಲ ಸಮನಾಗಿ ಹಂಚಿಕೊಳ್ಳಲಿ. ನಮ್ಮ ಟ್ಯಾಕ್ಸಿಯ ಲೆಕ್ಕವೂ ಅದೇ. ಇದರ ಬೇರು ಲಾಯ್ಡ್ ಶೇಪ್ಲಿ 1953ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿದೆ. ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಶೇಪ್ಲಿಯ ಯೋಚನೆಯನ್ನು ನಮ್ಮ ಕಾರಿಗೆ ಇಳಿಸಿ ನೋಡಬಹುದು. ನಾಲ್ವರೂ ಒಬ್ಬೊಬ್ಬರಾಗಿ ಬಂದು ಕಾರು ಹತ್ತುತ್ತಾರೆ, ಹತ್ತಿದವರು ತಮ್ಮಿಂದಾಗಿ ಹೊಸದಾಗಿ ಸೇರಿದ ಖರ್ಚನ್ನಷ್ಟೇ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಮೇಷ್ಟ್ರು ಮೊದಲು ಹತ್ತಿದರೆ ರಾಮನಗರದವರೆಗಿನ 1300 ಪೂರ್ತಿ ಅವರದು. ಅವರಿಗಿಂತ ಮೊದಲು ಉಳಿದ ಯಾರೇ ಹತ್ತಿದ್ದರೂ ಕಾರು ಹೇಗೂ ರಾಮನಗರ ದಾಟುತ್ತದೆ, ಮೇಷ್ಟ್ರಿಂದ ಹೊಸ ಖರ್ಚೇ ಇಲ್ಲ. ಯಾರು ಮೊದಲು ಹತ್ತಬೇಕೆಂದು ಯಾರಿಗೂ ಹಕ್ಕಿಲ್ಲದಿರುವುದರಿಂದ ಸಾಧ್ಯವಿರುವ 24 ಸರದಿಗಳನ್ನೂ ಸಮನಾಗಿ ಎಣಿಸಬೇಕು. ನಾಲ್ಕರಲ್ಲೊಂದು ಸರದಿಯಲ್ಲಿ ಮೇಷ್ಟ್ರು ಮೊದಲಿಗರು. 1300ರ ನಾಲ್ಕರಲ್ಲೊಂದು 325. ನಾನಾದರೋ ಯಾವ ಸರದಿಯಲ್ಲಿ ಬಂದರೂ ಕೊನೆಯ 1300 ಕೊಡಲೇಬೇಕು, ಮೇಡಂಗಳಿಬ್ಬರಿಗಿಂತ ಮೊದಲು ಬಂದರೆ ಮಧ್ಯದ 1300, ಎಲ್ಲರಿಗಿಂತ ಮೊದಲು ಬಂದರೆ ಮೊದಲ 1300ಯೂ ಸೇರುತ್ತದೆ. ಸರಾಸರಿ ತೆಗೆದರೆ 1300, 433, 325, ಅದೇ 2058. ಎರಡು ಬೇರೆ ದಾರಿಯಲ್ಲಿ ಹೋಗಿ ಒಂದೇ ಸಂಖ್ಯೆಗೆ ಬಂದಾಗ ನನಗೆ ಧೈರ್ಯ ಬಂತು.

ಇನ್ನು ಉಳಿದ ಖರ್ಚುಗಳು. ಕಣಿಮಿಣಿಕೆಯ ಟೋಲ್ ರಾಮನಗರಕ್ಕಿಂತ ಮೊದಲೇ ಬರುತ್ತದೆ, ನಾಲ್ವರಿಗೂ 65. ಗಣಂಗೂರಿನದು ಮಂಡ್ಯ ದಾಟಿದ ಮೇಲೆ, 240 ಪೂರ್ತಿ ನನ್ನದು. ಟೋಲನ್ನು ಫಾಸ್ಟ್ಯಾಗ್ ಮೊತ್ತವೆಂದು ಒಟ್ಟಿಗೆ ಕೂಡಿಸಿ ಹಂಚುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಯಾವ ಗೇಟು ಯಾವ ತುಂಡಿನಲ್ಲಿದೆ ಎಂದು ನೋಡಿದರೆ ಮುಗಿಯಿತು.

ಮಂಡ್ಯದ ಆರು ಕಿಲೋಮೀಟರ್ ಸುತ್ತಿನ ವಿಷಯ ಬೇರೆ. ಹೊಸ ಹೆದ್ದಾರಿ ಊರುಗಳನ್ನು ಹೊರಗಿಟ್ಟು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಮಂಡ್ಯ ತಾನಾಗಿಯೇ ಸಿಗುತ್ತಿತ್ತು, ಈಗ ಹೆದ್ದಾರಿಯಿಂದ ಇಳಿದು ಊರೊಳಗೆ ಹೋಗಿ ಮತ್ತೆ ಹತ್ತಬೇಕು. ರಾತ್ರಿ ಒಂಬತ್ತು ಗಂಟೆಗೆ ಮಳೆಯಲ್ಲಿ ಇಬ್ಬರು ಹೆಂಗಸರನ್ನು ಹೆದ್ದಾರಿಯ ಬದಿಯಲ್ಲಿ ಇಳಿಸುವ ಪ್ರಶ್ನೆಯೇ ಇರಲಿಲ್ಲ, ಮನೆ ಬಾಗಿಲಿಗೇ ಬಿಟ್ಟೆವು. ಆ ದಾರಿಯಲ್ಲಿ ನಾನೂ ಕಾರಿನಲ್ಲಿ ಕೂತಿದ್ದೆ ನಿಜ. ಆದರೆ ನನಗೆ ಆ ಸುತ್ತು ಬೇಕಿರಲಿಲ್ಲ, ಕೂತಿದ್ದೆನೆಂಬ ಮಾತ್ರಕ್ಕೆ ಅದು ನನ್ನ ಖರ್ಚಾಗುವುದಿಲ್ಲ. ಆದ್ದರಿಂದ 78 ರೂಪಾಯಿ ಇಬ್ಬರು ಮೇಡಂಗಳಿಗೆ, ತಲಾ 39. "ಕೂತಿದ್ದವರು ಕೊಡಬೇಕು" ಎಂಬ ನನ್ನ ಸೂತ್ರವನ್ನು ಇಲ್ಲಿ ತಿದ್ದಿಕೊಳ್ಳಬೇಕಾಯಿತು. ಯಾರಿಗೆ ಆ ತುಂಡು ಬೇಕಿತ್ತೋ ಅವರು ಕೊಡಬೇಕು ಎನ್ನುವುದೇ ಸರಿಯಾದ ಮಾತು. ನೇರ ದಾರಿಯಲ್ಲಿ ಎರಡೂ ಒಂದೇ, ಸುತ್ತಿನಲ್ಲಿ ಬೇರೆಯಾಗುತ್ತವೆ.

ಬಾಟಾದಲ್ಲಿಯೂ ಹೀಗೆಯೇ ಎರಡು ಬಗೆ. ದಿನದ ಬಾಟಾ 400 ಕಾರು ರಾಮನಗರಕ್ಕೆ ಮಾತ್ರ ಹೋಗಿ ಬಂದಿದ್ದರೂ ಕೊಡಬೇಕಿತ್ತು. ಅದು ದೂರವನ್ನು ನೋಡುವುದಿಲ್ಲ, ನಾಲ್ವರಿಗೂ 100. ರಾತ್ರಿ ಬಾಟಾ ಹಾಗಲ್ಲ. ನಾವು ಏಳಕ್ಕೆ ಹೊರಟೆವು. ರಾಮನಗರದಿಂದ ಹಿಂತಿರುಗಿದ್ದರೆ ಕಾರು ಒಂಬತ್ತೂವರೆಗೆಲ್ಲ ಬೆಂಗಳೂರು ಸೇರಿರುತ್ತಿತ್ತು, ರಾತ್ರಿ ಬಾಟಾ ಬರುತ್ತಿರಲಿಲ್ಲ. ಮಂಡ್ಯದಿಂದ ಹಿಂತಿರುಗಿದ್ದರೆ ಹತ್ತು ದಾಟಿ ಬಿಡುತ್ತಿತ್ತು. ಹಾಗಾಗಿ ಆ 300 ಮಂಡ್ಯದವರಿಗೂ ನನಗೂ, ತಲಾ 100. ಮೇಷ್ಟ್ರಿಗೆ ಇಲ್ಲ.

ಎಲ್ಲ ಕೂಡಿಸಿದೆ. ಮೇಷ್ಟ್ರು 325, 65, 100, ಒಟ್ಟು 490. ಮೇಡಂಗಳು ತಲಾ 1062. ನಾನು 2563. ಚಿಲ್ಲರೆ ಬಿಡಿಸುವಾಗ ಒಂದು ಪದ್ಧತಿ ಇಟ್ಟುಕೊಂಡೆ: ಮೊದಲು ಇಳಿಯುವವರ ಪಾಲನ್ನು ಕೆಳಗಿನ ಹತ್ತಕ್ಕೆ ಇಳಿಸಿ, ಉಳಿಕೆಯನ್ನು ಕೊನೆಯವನು ಹೊರಬೇಕು. 490, 1060, 1060, ನನ್ನದು 2568. ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಮೇಷ್ಟ್ರಿಗೆ 810, ಮೇಡಂಗಳಿಗೆ 240ರಂತೆ ಮರಳಿ ಕಳಿಸಿ, ಲೆಕ್ಕದ ಹಾಳೆಯ ಚಿತ್ರವನ್ನೂ ಹಾಕಿದೆ.

ನನ್ನ ಪಾಲು ಸಮಪಾಲಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ನನಗೆ ಅನ್ಯಾಯವಾಯಿತೇ? ಒಬ್ಬನೇ ಅದೇ ಕಾರಿನಲ್ಲಿ ಬಂದಿದ್ದರೆ ಮಂಡ್ಯದ ಸುತ್ತು ಬಿಟ್ಟು 5100 ಕೊಡಬೇಕಿತ್ತು. ಕೊಟ್ಟದ್ದು ಅದರ ಅರ್ಧ. ಜೊತೆಗಾರರಿಂದ ನನಗೆ ಎರಡೂವರೆ ಸಾವಿರ ಉಳಿದಿದೆ, ಇದಕ್ಕಿಂತ ಹೆಚ್ಚು ಉಳಿಸಲು ನನಗೆ ಹಕ್ಕಿಲ್ಲ. ಯಾವುದೇ ಹಂಚಿಕೆಯನ್ನು ಒಪ್ಪುವ ಮೊದಲು ಪ್ರತಿಯೊಬ್ಬರಿಗೂ ಈ ಪ್ರಶ್ನೆ ಹಾಕಿ ನೋಡಬೇಕು. ಒಂಟಿಯಾಗಿ ಹೋಗಿದ್ದರೆ ಆಗುತ್ತಿದ್ದಕ್ಕಿಂತ ಯಾರೊಬ್ಬರ ಪಾಲು ಹೆಚ್ಚಾದರೂ ಆ ಹಂಚಿಕೆ ನಿಲ್ಲುವುದಿಲ್ಲ.

ಇದೇ ಪ್ರಶ್ನೆಯನ್ನು ಹಿಡಿದು ಮಂಡ್ಯದ ಹಿರಿಯ ಮೇಡಂ ಮಧ್ಯಾಹ್ನ ಫೋನ್ ಮಾಡಿದರು. ಅವರು ವಿಜ್ಞಾನ ಕಲಿಸುವವರು, ಹಾಳೆಯನ್ನು ಸಾಲುಸಾಲಾಗಿ ಓದಿದ್ದರು. "ಸರ್, ಒಂದು ವಿಷಯ ಬಿಟ್ಟಿದ್ದೀರಿ. ದಿನಕ್ಕೆ ಕನಿಷ್ಠ 250 ಕಿಲೋಮೀಟರಿನ ಬಾಡಿಗೆ ಎಂದು ಚಾಲಕರು ಹತ್ತುವಾಗಲೇ ಹೇಳಿದ್ದರು. ಮೇಷ್ಟ್ರು ಒಬ್ಬರೇ ಈ ಕಾರು ಮಾಡಿಕೊಂಡಿದ್ದರೆ 1300ಕ್ಕೆ ಆಗುತ್ತಿತ್ತೇ? 3250 ಕೊಡಬೇಕಿತ್ತು. ನಮಗೂ ಅಷ್ಟೇ. ಹಾಗಿದ್ದ ಮೇಲೆ ಮೊದಲ 3250 ಅನ್ನು ನಾಲ್ವರೂ ಸಮನಾಗಿ ಹಂಚಿಕೊಳ್ಳಬೇಕಲ್ಲವೇ?"

ನಾನು ಫೋನ್ ಹಿಡಿದುಕೊಂಡೇ ಸುಮ್ಮನಾದೆ, ಏಕೆಂದರೆ ಅವರ ತರ್ಕದಲ್ಲಿ ಬಿರುಕಿರಲಿಲ್ಲ. ಕನಿಷ್ಠ ಬಾಡಿಗೆಯನ್ನು ಒಳಗೆ ತಂದರೆ ರಾಮನಗರಕ್ಕೂ ಮಂಡ್ಯಕ್ಕೂ ಖರ್ಚು ಒಂದೇ ಆಗಿಬಿಡುತ್ತದೆ, ಮೈಸೂರಿಗೆ ಮಾತ್ರ 650 ಹೆಚ್ಚು. ಅದೇ ಶೇಪ್ಲಿಯ ವಿಧಾನದಿಂದಲೇ ಹಂಚಿದರೂ ಮೂವರಿಗೆ ತಲಾ 812, ನನಗೆ 1462 ಬರುತ್ತದೆ. ಮೇಷ್ಟ್ರ ಬಾಡಿಗೆಯ ಪಾಲು 325ರಿಂದ 812ಕ್ಕೆ ಜಿಗಿಯುತ್ತದೆ. ಸೂತ್ರ ಬದಲಾಗಿಲ್ಲ. ಒಂಟಿಯಾಗಿ ಹೋದರೆ ಎಷ್ಟು ಎಂಬುದಕ್ಕೆ ನಾವು ಕೊಟ್ಟ ಉತ್ತರ ಬದಲಾಯಿತು, ಅಷ್ಟೇ. ಈ ಇಡೀ ಪ್ರಕರಣದಲ್ಲಿ ನಿಜವಾಗಿ ಕಷ್ಟದ ಜಾಗ ಇದೊಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸಂಜೆಯವರೆಗೆ ಯೋಚಿಸಿ ಅವರಿಗೆ ಎರಡು ಮಾತು ಹೇಳಿದೆ. ಒಂದು, ಕಾರು ಓಡಿದ್ದು 306 ಕಿಲೋಮೀಟರ್. 250ರ ಮಿತಿಯನ್ನು ನನ್ನ ಪ್ರಯಾಣವೇ ದಾಟಿಸಿತು. ಆ ರಾತ್ರಿಯ ಬಿಲ್ಲಿನಲ್ಲಿ ಓಡದ ದೂರಕ್ಕೆ ಕೊಟ್ಟ ಒಂದು ರೂಪಾಯಿಯೂ ಇಲ್ಲ. ಎರಡು, ಮೇಷ್ಟ್ರು ಒಂಟಿಯಾಗಿದ್ದರೆ 3250 ಕೊಟ್ಟು ಕಾರು ಮಾಡುತ್ತಿರಲೇ ಇಲ್ಲ, ಬಸ್ ಹತ್ತುತ್ತಿದ್ದರು. ನೀವಿಬ್ಬರೂ ಅಷ್ಟೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಮಂಡ್ಯಕ್ಕೆ ನಿಮಗೆ ಟಿಕೆಟಿನ ಖರ್ಚೇ ಇಲ್ಲ. ಯಾರೂ ಆರಿಸಿಕೊಳ್ಳದ ದಾರಿಯ ಬೆಲೆಯನ್ನು ಅವರ ಪಾಲಿನ ಅಳತೆಗೋಲು ಮಾಡಬಾರದು. ಕಾರು ಬೇಕಾಗಿದ್ದದ್ದು ನನಗೆ, ನೀವು ನನ್ನ ಖರ್ಚು ಇಳಿಸಿದವರು.

"ಹಾಗಾದರೆ ಕನಿಷ್ಠ ಬಾಡಿಗೆಯನ್ನು ಯಾವಾಗಲೂ ಮರೆತುಬಿಡಬಹುದೇ?" ಎಂದು ಅವರು ಬಿಡದೆ ಕೇಳಿದರು. ಮರೆಯುವಂತಿಲ್ಲ. ನಾನಿಲ್ಲದೆ ಅವರು ಮೂವರೇ ಕಾರು ಮಾಡಿಕೊಂಡು ಮಂಡ್ಯದವರೆಗೆ ಹೋಗಿದ್ದರೆ ಓಡುವುದು 206, ಬಿಲ್ ಬರುವುದು 250ಕ್ಕೆ. ಆಗ ಓಡದ 44 ಕಿಲೋಮೀಟರಿನ 572 ರೂಪಾಯಿ ನಿಜವಾಗಿಯೂ ಬಿಲ್ಲಿನಲ್ಲಿರುತ್ತದೆ. ಅದು ಯಾವ ತುಂಡಿಗೂ ಸೇರಿದ್ದಲ್ಲ. ದಿನದ ಬಾಟಾದ ಹಾಗೆ ಮೂವರೂ ಸಮನಾಗಿ 190ರ ಲೆಕ್ಕದಲ್ಲಿ ಕೊಡಬೇಕು. ಅವರು ಒಪ್ಪಿದರು. ಆದರೂ ಇಂತಹದ್ದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕಿತ್ತು ಎಂದರು. ಅದು ನನ್ನ ತಪ್ಪೇ. ಬಿಲ್ ಸಿಗುವುದು ಕೊನೆಗೆ ಇಳಿಯುವವನಿಗೆ, ಹಣ ಕೊಡಬೇಕಾದವರು ಆಗಲೇ ಇಳಿದು ಹೋಗಿರುತ್ತಾರೆ. ದರ, ಕನಿಷ್ಠ ದೂರ, ಬಾಟಾ, ಟೋಲ್, ಈ ನಾಲ್ಕನ್ನು ಹೊರಡುವಾಗಲೇ ಚಾಲಕರಿಂದ ಕೇಳಿ ಬರೆದುಕೊಂಡಿದ್ದರೆ ರಾಮನಗರ ಬರುವಷ್ಟರಲ್ಲಿ ಮೇಷ್ಟ್ರ 490 ಸಿದ್ಧವಾಗಿರುತ್ತಿತ್ತು, ಏಕೆಂದರೆ ಅವರ ಪಾಲು ಮುಂದೇನಾದರೂ ಬದಲಾಗುವಂಥದ್ದಲ್ಲ.

ಮೇಷ್ಟ್ರಿಂದ ಎರಡು ದಿನ ಸುದ್ದಿಯಿರಲಿಲ್ಲ. ಮೂರನೆಯ ದಿನ ನನ್ನ ಖಾತೆಗೆ ಅವರಿಂದ 75 ರೂಪಾಯಿ ಬಂತು, ಹಿಂದೆಯೇ ಫೋನ್ ಬಂತು.

"ರಾತ್ರಿ ಬಾಟಾದಲ್ಲಿ ನನ್ನ ಪಾಲು ಸರ್. ಹಾಜರಾತಿ ಪ್ರಮಾಣಪತ್ರಕ್ಕೆಂದು ನಾನು ನಿಮ್ಮನ್ನೆಲ್ಲ ನಲವತ್ತು ನಿಮಿಷ ಕಾಯಿಸಿದೆ. ತಡವಾದದ್ದು ನನ್ನಿಂದ. 300ರಲ್ಲಿ ನಾಲ್ಕರಲ್ಲೊಂದು ನನ್ನದು."

ಕಾರಣರಾದವರೇ ಕೊಡಬೇಕು ಎಂಬ ನನ್ನ ಮಾತನ್ನು ಅವರು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹಾಳೆ ತೆಗೆದು ಮತ್ತೊಮ್ಮೆ ನೋಡಿದೆ. ನಲವತ್ತು ನಿಮಿಷ ಮೊದಲು, ಆರು ಇಪ್ಪತ್ತಕ್ಕೆ ಹೊರಟಿದ್ದರೆ ಒಂಬತ್ತೂವರೆಗೆ ಮೈಸೂರು. ಅಲ್ಲಿಂದ ಕಾರು ಬೆಂಗಳೂರಿಗೆ ಮರಳುವಾಗ ಹನ್ನೆರಡು ದಾಟುತ್ತಿತ್ತು. ಮಂಡ್ಯದಿಂದಲೇ ಹಿಂತಿರುಗಿದ್ದರೂ ಹತ್ತೂ ಇಪ್ಪತ್ತು. ಅವರು ಕಾಯಿಸಿದ್ದರೂ ಕಾಯಿಸದಿದ್ದರೂ ರಾತ್ರಿ ಬಾಟಾ ಬರುತ್ತಲೇ ಇತ್ತು. ಇದನ್ನು ಗಂಟೆಗಳ ಸಮೇತ ಬಿಡಿಸಿ ಹೇಳಿದೆ. ಅವರು ಆ ಕಡೆಯಿಂದ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. "ಸರಿ, ಹಾಗಾದರೆ ಕಳಿಸಿ" ಎಂದರು. 75 ರೂಪಾಯಿ ಮತ್ತೆ ರಾಮನಗರಕ್ಕೆ ಹೋಯಿತು.